ಗೂಗಲ್ ಆ್ಯಡ್ಸ್: ರೂಲ್ ಸಾಕಾ, ಸ್ಕ್ರಿಪ್ಟ್ ಬೇಕಾ?

ದಿನಕ್ಕೆ 1,000 ರೂಪಾಯಿ ಬಜೆಟ್ ಇಟ್ಟ ಸೀರೆ ಅಂಗಡಿ ಅಂದುಕೊಳ್ಳಿ. ಗೂಗಲ್ ಒಂದೇ ದಿನ 2,000 ರೂಪಾಯಿವರೆಗೂ ಖರ್ಚು ಮಾಡಬಹುದು. ತಿಂಗಳ ಲೆಕ್ಕದಲ್ಲಿ ಸರಿಹೋಗುತ್ತದೆ ನಿಜ, ಆದರೆ ಆ ದಿನ ಎದೆ ಧಸಕ್ ಅನ್ನುತ್ತದೆ.

ಇದಕ್ಕೆ ಆಟೊಮೇಟೆಡ್ ರೂಲ್ ಸಾಕು. ‘ಇವತ್ತಿನ ಖರ್ಚು 1,200 ದಾಟಿದರೆ ಕ್ಯಾಂಪೇನ್ ನಿಲ್ಲಿಸು, ಇಮೇಲ್ ಕಳಿಸು’ ಅಂತ ಐದು ನಿಮಿಷದಲ್ಲಿ ಹಾಕಬಹುದು. ಮಧ್ಯಾಹ್ನ 3ಕ್ಕೆ ಮಾತ್ರ ಇಟ್ಟರೆ ಸಂಜೆಯ ಖರ್ಚು ಕೈತಪ್ಪುತ್ತದೆ, ಹಾಗಾಗಿ ಬೇರೆ ಬೇರೆ ಹೊತ್ತಿಗೆ ಎರಡು ಮೂರು ರೂಲ್ ಇಡಿ. ರಾತ್ರಿ 12ಕ್ಕೆ ಮತ್ತೆ ಶುರು ಮಾಡುವ ರೂಲ್ ಮರೆಯಬೇಡಿ. ಈ ಕ್ಯಾಂಪೇನ್‌ಗೆ ಒಂದು ಲೇಬಲ್ ಕಟ್ಟಿ, ಆ ಲೇಬಲ್ ಇದ್ದದ್ದನ್ನು ಮಾತ್ರ ಶುರು ಮಾಡು ಅಂತ ರೂಲ್‌ಗೆ ಹೇಳಿ. ಇಲ್ಲದಿದ್ದರೆ ನೀವೇ ನಿಲ್ಲಿಸಿದ ಹಳೆಯ ದೀಪಾವಳಿ ಜಾಹೀರಾತೂ ಎದ್ದು ಕೂರುತ್ತದೆ!

ಟ್ರಾಫಿಕ್ ದಿಢೀರ್ ಕುಸಿದರೆ? ಇಲ್ಲಿ ರೂಲ್ ಸೋಲುತ್ತದೆ. ‘ಕ್ಲಿಕ್ 20ಕ್ಕಿಂತ ಕಡಿಮೆ’ ಅನ್ನಬಹುದು ಅಷ್ಟೆ. ಮಂಗಳವಾರ 20 ಮಾಮೂಲಿ, ಭಾನುವಾರ ಗಾಬರಿ. ಸ್ಕ್ರಿಪ್ಟ್ ಅಂದರೆ ಅಕೌಂಟ್ ಒಳಗೇ ಓಡುವ ಪುಟ್ಟ ಕೋಡ್; ಅದು ಗಂಟೆಗೊಮ್ಮೆ ಓಡಿ, ಇವತ್ತಿನ ಕ್ಲಿಕ್ ಅನ್ನು ಕಳೆದ ವಾರದ ಅದೇ ದಿನ, ಅದೇ ಗಂಟೆಯವರೆಗಿನ ಕ್ಲಿಕ್‌ಗೆ ಹೋಲಿಸುತ್ತದೆ. ಕೊನೆಯ ತೀರ್ಮಾನ ಇಷ್ಟೇ:

```
if (today < lastWeek * 0.5)
  MailApp.sendEmail(owner, "ಕ್ಲಿಕ್ ಕುಸಿದಿದೆ", "ಅಕೌಂಟ್ ನೋಡಿ");
```

ಅಂಕಿ ಬರುವುದು ಸುಮಾರು 3 ಗಂಟೆ ತಡವಾಗಬಹುದು. ಆದ್ದರಿಂದ ಕೊನೆಯ 3 ಗಂಟೆ ಬಿಟ್ಟೇ ಎಣಿಸಿ, ಇಲ್ಲಾಂದ್ರೆ ಸುಮ್ನೆ ಸುಳ್ಳು ಎಚ್ಚರಿಕೆ.

ನನ್ನ ಮಾತು ಕೇಳಿದರೆ, ಖರ್ಚಿಗೆ ರೂಲ್, ಕುಸಿತಕ್ಕೆ ಸ್ಕ್ರಿಪ್ಟ್. ಸ್ಕ್ರಿಪ್ಟ್‌ಗೆ ಅನುಮತಿ ಮಾಲೀಕರ ಲಾಗಿನ್‌ನಿಂದಲೇ ಕೊಡಿ. ಕೆಲಸದ ಹುಡುಗನ ಲಾಗಿನ್‌ನಿಂದ ಕೊಟ್ಟರೆ, ಆ ಲಾಗಿನ್ ತೆಗೆದ ದಿನ ಸ್ಕ್ರಿಪ್ಟೂ ನಿಲ್ಲುತ್ತದೆ.