‘ಪ್ಯೂರ್ ಲೆದರ್’ ಜಾಕೆಟ್ ಕೊಳ್ಳುವ ಮುಂಚೆ ಜೇಬಿನ ಒಳಗಡೆ ನೋಡಿ

ನಮ್ಮ ಚಿಕ್ಕಬಳ್ಳಾಪುರದಲ್ಲಿ ಚಳಿ ಶುರುವಾಯಿತು ಅಂದರೆ ಯಾವುದಾದರೂ ಕಲ್ಯಾಣ ಮಂಟಪದಲ್ಲಿ ‘ಫ್ಯಾಕ್ಟರಿ ಸೇಲ್’ ಬೋರ್ಡ್ ಬೀಳುತ್ತದೆ. ಈ ವಾರವೂ ಬಿದ್ದಿದೆ. ನಾನು 2021ರ ಡಿಸೆಂಬರ್‌ನಲ್ಲಿ ಇಂಥದ್ದೇ ಒಂದು ಸೇಲ್‌ನಲ್ಲಿ ಎರಡು ಜಾಕೆಟ್ ತಗೊಂಡು ಮೋಸ ಹೋದೆ. ಹೇಗೆ ಅಂತ ಪೂರ್ತಿ ಬರೆಯುತ್ತೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ನನ್ನ ಕೆಲಸ ದೇವನಹಳ್ಳಿ ಕಡೆ. ಬೆಳಗಿನ ಪಾಳಿ ಇದ್ದರೆ ಐದು ಗಂಟೆಗೇ ಬೈಕ್ ತೆಗೀಬೇಕು. ನಂದಿ ಬೆಟ್ಟದ ಕಡೆಯಿಂದ ಬರುವ ಆ ಮಂಜಿನ ಗಾಳಿಗೆ ಸ್ವೆಟರ್ ಸಾಲುವುದಿಲ್ಲ, ಅದಕ್ಕೇ ಒಂದು ಒಳ್ಳೆ ಲೆದರ್ ಜಾಕೆಟ್ ಬೇಕು ಅಂತ ಎರಡು ವರ್ಷದಿಂದ ದುಡ್ಡು ಕೂಡಿಟ್ಟಿದ್ದೆ. ಅಂಗಡಿಯವನು ‘ಪ್ಯೂರ್ ಲೆದರ್ ಸಾರ್’ ಅಂದ. ಲೈಟರ್ ಹಚ್ಚಿ ಒಂದು ತುಂಡು ಸುಟ್ಟು ತೋರಿಸಿದ, ಕೂದಲು ಸುಟ್ಟ ವಾಸನೆ ಬಂತು. ಜಾಕೆಟ್‌ಗೂ ಚರ್ಮದ ವಾಸನೆ ಇತ್ತು. 4,500 ರೂಪಾಯಿ ಕೊಟ್ಟು ತಂದೆ. ಮಗಳಿಗೆ ಅಂತ ಕನ್ನಡಿ ಹಾಗೆ ಹೊಳೆಯುವ ಒಂದು ಗಿಡ್ಡ ಜಾಕೆಟ್ ಕೂಡ ತಗೊಂಡೆ. ‘ಇದು ಪೇಟೆಂಟ್ ಲೆದರ್, ಅಂದ್ರೆ ಪೇಟೆಂಟ್ ಸಿಕ್ಕಿರೋ ಕ್ವಾಲಿಟಿ’ ಅಂತ ಅವನು ಹೇಳಿದ್ದನ್ನೂ ನಂಬಿದೆ.

ನಾನು ಆ ಜಾಕೆಟ್‌ನ ದೇವರ ಹಾಗೆ ನೋಡಿಕೊಂಡೆ. ತುಂಬಾ ಚಳಿ ಇದ್ದ ದಿನ ಮಾತ್ರ ಹಾಕುತ್ತಿದ್ದೆ. ಮಿಕ್ಕ ದಿನ ಅದೇ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಬೀರುವಿನಲ್ಲಿ ಇಡುತ್ತಿದ್ದೆ. ಎರಡು ಚಳಿಗಾಲ ಸೇರಿಸಿದರೂ ಮೂವತ್ತು ಸಲ ಹಾಕಿರಲಿಲ್ಲ. ಮೂರನೇ ಚಳಿಗಾಲಕ್ಕೆ ತೆಗೆದಾಗ ಕಾಲರ್ ಮೇಲೆ ಸಾಸಿವೆ ಕಾಳಿನಷ್ಟು ಒಂದು ಬಿಳಿ ಚುಕ್ಕಿ ಕಾಣಿಸಿತು. ಕೊಳೆ ಇರಬೇಕು ಅಂತ ಉಗುರಲ್ಲಿ ಕೆರೆದೆ. ಬಿಸಿಲಿಗೆ ಸುಟ್ಟ ಮೈಯಿಂದ ಪೊರೆ ಏಳುತ್ತದಲ್ಲ, ಹಾಗೆ ತೆಳ್ಳಗೆ ಒಂದು ಪೊರೆ ಎದ್ದು ಬಂತು. ಅದರ ಕೆಳಗೆ ಇದ್ದದ್ದು ಬನಿಯನ್ ಬಟ್ಟೆ. ನೇಯ್ಗೆಯ ಕಣ್ಣು ಕಣ್ಣು ಕಾಣುತ್ತಿತ್ತು. ಜನವರಿ ಮುಗಿಯುವ ಹೊತ್ತಿಗೆ ಕಾಲರ್, ಎರಡು ಮೊಣಕೈ, ಜೇಬಿನ ಬಾಯಿ ಎಲ್ಲ ಹೊಪ್ಪಳೆ ಹೊಪ್ಪಳೆಯಾಗಿ ಉದುರಿತು. ಜಾಕೆಟ್ ತೆಗೆದರೆ ಒಳಗಿನ ಶರ್ಟಿಗೆ ಕಪ್ಪು ಚೂರು ಅಂಟಿರುತ್ತಿತ್ತು.

ಬಸ್ ಸ್ಟ್ಯಾಂಡ್ ಹತ್ತಿರ ಬ್ಯಾಗು, ಜಿಪ್ಪು ರಿಪೇರಿ ಮಾಡುವ ಒಬ್ಬ ಹಿರಿಯರು ಇದ್ದಾರೆ. ಅವರ ಹತ್ತಿರ ತಗೊಂಡು ಹೋದೆ. ಅವರು ಜೇಬನ್ನು ಹೊರಗೆ ಎಳೆದು, ಒಳಗೆ ಮಡಚಿ ಹೊಲಿದಿದ್ದ ಪಟ್ಟಿಯ ಎರಡು ಹೊಲಿಗೆ ಬಿಚ್ಚಿ, ಕತ್ತರಿಸಿದ ಅಂಚನ್ನು ನನ್ನ ಕಣ್ಣಿಗೆ ಹಿಡಿದರು. ‘ನೋಡಪ್ಪಾ, ಮೇಲೆ ಒಂದು ಕಾಗದದಷ್ಟು ಪ್ಲಾಸ್ಟಿಕ್, ಕೆಳಗೆ ಬಟ್ಟೆ. ತೊಗಲಾದರೆ ಮೇಲಿಂದ ಕೆಳಗಿನವರೆಗೂ ಒಂದೇ ನಾರು ಇರುತ್ತೆ. ಎರಡು ಪದರ ಕಂಡರೆ ಮುಗೀತು’ ಅಂದರು. ಮೇಲೆ ಬಣ್ಣ ಹಚ್ಚಿಕೊಡಿ ಅಂತ ಕೇಳಿದೆ. ಬೇಡ ಅಂದರು. ಪೊರೆಯೇ ಬಟ್ಟೆ ಬಿಟ್ಟು ಏಳುತ್ತಿರುವಾಗ ಅದರ ಮೇಲೆ ಹಚ್ಚಿದ ಬಣ್ಣವೂ ಅದರ ಜೊತೆಗೇ ಉದುರುತ್ತದೆ. ದುಡ್ಡು ತಗೊಂಡು ಹಚ್ಚಿಕೊಡಬಹುದಿತ್ತು, ಆದರೂ ಹಚ್ಚಲಿಲ್ಲ ಅವರು.

ಜಾಸ್ತಿ ಹಾಕದೇ ಇದ್ದರೂ ಯಾಕೆ ಹಾಳಾಯಿತು ಅನ್ನುವುದೇ ನನ್ನನ್ನು ಕಾಡುತ್ತಿತ್ತು. ಇದು ಗೊತ್ತಾಗುವುದು ತುಂಬಾ ಮುಖ್ಯ. ನನ್ನ ಜಾಕೆಟ್ ಮೇಲಿದ್ದ ಪ್ಲಾಸ್ಟಿಕ್ಕಿಗೆ ಪಿಯು ಅಂತಾರೆ, ಅಂದರೆ ಪಾಲಿಯುರೆಥೇನ್, ಅದನ್ನು ತೆಳ್ಳಗೆ ಬಟ್ಟೆ ಮೇಲೆ ಕೂರಿಸಿರುತ್ತಾರೆ. ಕಡಿಮೆ ಬೆಲೆಯ ಪಿಯುನ ಅಣುಗಳ ಕೊಂಡಿಯನ್ನು ಗಾಳಿಯಲ್ಲಿರುವ ತೇವವೇ ನಿಧಾನವಾಗಿ ಕತ್ತರಿಸುತ್ತಾ ಹೋಗುತ್ತದೆ. ಸೆಕೆ ಸೇರಿದರೆ ಇನ್ನೂ ಬೇಗ. ನೀವು ಹಾಕಿಕೊಳ್ಳಿ, ಬಿಡಿ, ಅದು ತಯಾರಾದ ದಿನದಿಂದಲೇ ಈ ಲೆಕ್ಕ ಶುರು. ಗೋಡೌನ್‌ನಲ್ಲಿ ಎರಡು ವರ್ಷ ಕೂತಿದ್ದರೆ ಆ ಎರಡು ವರ್ಷವೂ ಅದರ ಆಯುಸ್ಸಿನಲ್ಲೇ ಕಳೆಯುತ್ತದೆ. ನಾನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಟ್ಟಿದ್ದು ಮಳೆಗಾಲದ ತೇವವನ್ನು ಒಳಗೇ ಕೂಡಿಹಾಕಿದ ಹಾಗಾಯಿತು. ತೇವ ತಡೆಯುವ ಪಿಯು ಕೂಡ ಇದೆ, ಆದರೆ ಸೇಲ್‌ನ ಜಾಕೆಟ್ ನೋಡಿ ಅದು ಯಾವುದು ಅಂತ ಕಣ್ಣಲ್ಲಿ ಹೇಳಲಾಗುವುದಿಲ್ಲ. ಹಳೇ ಬಸ್ ಸೀಟಿನ ರೆಕ್ಸಿನ್ ಬೇರೆ ಜಾತಿ. ಅದು ಪಿವಿಸಿ, ಮೆತ್ತಗಿರಲಿ ಅಂತ ಸೇರಿಸಿದ ಎಣ್ಣೆಯಂಥ ಪದಾರ್ಥ ವರ್ಷ ಕಳೆದಂತೆ ಹೊರಗೆ ಬಂದು, ಮೊದಲು ಅಂಟಂಟಾಗಿ ಆಮೇಲೆ ಗಡುಸಾಗಿ ಸೀಳುತ್ತದೆ. ಪಿಯು ಉದುರುತ್ತದೆ, ರೆಕ್ಸಿನ್ ಸೀಳುತ್ತದೆ.

ನಿಜವಾದ ಚರ್ಮ ಹೇಗಿರುತ್ತದೆ ಅಂತ ನಾನು ಕಲಿತದ್ದು ನಮ್ಮ ಚಿಕ್ಕಪ್ಪನ ಜಾಕೆಟ್‌ನಿಂದ. ಅವರು ಮಿಲಿಟರಿಯಲ್ಲಿದ್ದಾಗ ಕಾನ್ಪುರದಲ್ಲಿ ತಗೊಂಡದ್ದು, ಇಪ್ಪತ್ತು ವರ್ಷ ದಾಟಿದೆ. ಎರಡನ್ನೂ ಮಂಚದ ಮೇಲೆ ಹಾಸಿ, ಕಿಟಕಿ ತೆಗೆದು ಬೆಳಕಲ್ಲಿ ನೋಡಿದೆವು. ಚಿಕ್ಕಪ್ಪನದರಲ್ಲಿ ಸಣ್ಣ ಸೂಜಿಮೊನೆಯಂಥ ತೂತುಗಳು, ಅಂದರೆ ಕೂದಲು ಇದ್ದ ಜಾಗ, ಒಂದು ಕಡೆ ಒತ್ತಾಗಿ ಇನ್ನೊಂದು ಕಡೆ ವಿರಳವಾಗಿ ಇದ್ದವು. ಹೊಟ್ಟೆ ಭಾಗದ ತೊಗಲು ಸ್ವಲ್ಪ ಸಡಿಲ, ಬೆನ್ನಿನ ಭಾಗದ್ದು ಬಿಗಿ. ಒಂದು ಕಡೆ ಮುಳ್ಳು ಗೀರಿದ ಗುರುತೂ ಇತ್ತು. ನನ್ನದರಲ್ಲಿ ಗೆರೆಗಳು ಎಲ್ಲ ಕಡೆ ಒಂದೇ ಸಮ, ಎಡ ತೋಳಿನ ಮೇಲೆ ಇದ್ದ ಒಂದು ಗೆರೆಯ ವಿನ್ಯಾಸ ಬೆನ್ನಿನ ಮೇಲೆ ಮತ್ತೆ ಹಾಗೇ ಇತ್ತು. ಅಚ್ಚಿನ ರೋಲರ್ ಒಂದು ಸುತ್ತು ಬಂದಾಗೆಲ್ಲ ಅದೇ ಗೆರೆ ಬೀಳುತ್ತದೆ. ಬೆರಳಿಂದ ಒತ್ತಿದರೆ ಚಿಕ್ಕಪ್ಪನದರಲ್ಲಿ ಬೆರಳ ಸುತ್ತ ನವಿರಾದ ನಿರಿಗೆ ಹರಡುತ್ತಿತ್ತು. ನನ್ನದರಲ್ಲಿ ಸುಮ್ನೆ ಒಂದು ಗುಳಿ ಬೀಳುತ್ತಿತ್ತು, ಅಷ್ಟೇ.

ಇನ್ನೊಂದು ಗುರುತು ಹೊಲಿಗೆಯಲ್ಲಿದೆ. ಇದನ್ನು ಯಾರೂ ಹೇಳುವುದಿಲ್ಲ. ಕುರಿಯ ಒಂದು ತೊಗಲು ಸುಮಾರು ಐದಾರು ಚದರಡಿ ಮಾತ್ರ ಇರುತ್ತದೆ, ಒಂದು ಜಾಕೆಟ್‌ಗೆ ಇಂಥ ಆರೇಳು ತೊಗಲು ಬೇಕಾಗುತ್ತದೆ. ಅಂಚಿನ ಸಡಿಲ ಭಾಗ, ಗಾಯದ ಭಾಗ ಬಿಟ್ಟು ಕತ್ತರಿಸಬೇಕು. ಅದಕ್ಕೇ ಚರ್ಮದ ಜಾಕೆಟ್‌ನ ಬೆನ್ನಿನಲ್ಲಿ, ತೋಳಿನಲ್ಲಿ ಸಾಮಾನ್ಯವಾಗಿ ಜೋಡಣೆ ಹೊಲಿಗೆ ಇರುತ್ತದೆ. ಪಿಯು ಥಾನಿನಲ್ಲಿ ಬರುವ ಬಟ್ಟೆ, ಬೆನ್ನು ಪೂರ್ತಿ ಒಂದೇ ತುಂಡಿನಲ್ಲಿ ಕತ್ತರಿಸಬಹುದು. ನನ್ನದು ಹಾಗೇ ಇತ್ತು. ಜೋಡಣೆ ಇದ್ದ ಮಾತ್ರಕ್ಕೆ ಚರ್ಮವೇ ಅಂತಲ್ಲ, ನಕಲಿಯಲ್ಲೂ ಅಂದಕ್ಕೆ ಹೊಲಿಗೆ ಹಾಕುತ್ತಾರೆ. ಆದರೆ ದೊಡ್ಡ ಬೆನ್ನು ಒಂದೇ ತುಂಡಾಗಿದ್ದು ಬೆಲೆಯೂ ಕಮ್ಮಿ ಇದ್ದರೆ ಅನುಮಾನ ಪಡಿ.

ಚಿಕ್ಕಪ್ಪನ ಜಾಕೆಟ್‌ಗೂ ವಯಸ್ಸಾಗಿದೆ. ಮೊಣಕೈ ಹತ್ತಿರ ಬಣ್ಣ ತೆಳುವಾಗಿ ಒಳಗಿನ ಕಂದು ಕಾಣುತ್ತದೆ, ತೋಳಿನ ಮಡಿಕೆಗಳು ಅವರ ಕೈ ಮಡಚುವ ರೀತಿಗೇ ಕೂತುಬಿಟ್ಟಿವೆ. ಆದರೆ ಪೊರೆ ಎದ್ದಿಲ್ಲ, ಏಳಲು ಮೇಲೆ ದಪ್ಪ ಪದರವೇ ಇಲ್ಲ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಚಿಕ್ಕಮ್ಮ ಒಣ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಗಾಳಿಗೆ ಹಾಕುತ್ತಾರೆ, ಹತ್ತಿ ಬಟ್ಟೆಯ ಚೀಲದಲ್ಲಿ ಇಡುತ್ತಾರೆ. ಚರ್ಮದಲ್ಲೂ ಒಂದು ಎಚ್ಚರಿಕೆ ಇದೆ. ಮೇಲ್ಮೈ ಉಜ್ಜಿ, ದಪ್ಪಗೆ ಬಣ್ಣ ಬಳಿದು, ಮೇಲೆ ಗೆರೆ ಅಚ್ಚು ಹಾಕಿದ ಚರ್ಮವೂ ಬರುತ್ತದೆ. ಅದು ಚರ್ಮವೇ, ಆದರೆ ಆ ದಪ್ಪ ಬಣ್ಣ ಮಡಿಕೆಯಲ್ಲಿ ಬಿರಿಯಬಹುದು.

ಸ್ವೇಡ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ನಮ್ಮ ಭಾವನ ಹತ್ತಿರ ಒಂದಿದೆ ಅಷ್ಟೇ. ಅದು ತೊಗಲಿನ ಒಳ ಮಗ್ಗುಲು. ಕೂದಲ ತೂತು ಇರುವ ಮೇಲ್ಪದರವೇ ಅಲ್ಲಿ ಕಾಣುವುದಿಲ್ಲ, ಬದಲಿಗೆ ನವಿರು ಎಳೆ. ಅಂಗೈ ಒಂದು ಕಡೆಗೆ ಸವರಿದರೆ ಗಾಢ, ವಾಪಸ್ ಸವರಿದರೆ ತಿಳಿ. ಪಾಲಿಯೆಸ್ಟರ್ ನಕಲಿ ಸ್ವೇಡ್‌ನಲ್ಲೂ ಹೀಗೆ ಆಗುತ್ತದೆ, ಆದ್ದರಿಂದ ಇಲ್ಲೂ ಅಂಚೇ ನೋಡಬೇಕು. ಸ್ವೇಡ್ ಸಿಪ್ಪೆ ಏಳುವುದಿಲ್ಲ. ಅದು ಕಾಲರ್, ತೋಳಿನ ತುದಿ, ಜೇಬಿನ ಬಾಯಿಯಲ್ಲಿ ಎಳೆ ಸವೆದು ಬೋಳಾಗಿ, ಮೈ ಎಣ್ಣೆ ಕುಡಿದು ಮಿರಿಮಿರಿ ಮಿಂಚುತ್ತದೆ. ಬೈಕಿನವರಿಗೆ, ಮಳೆಗೆ ಸಿಗುವವರಿಗೆ ಖಂಡಿತ ಬೇಡ.

ಮಗಳ ಜಾಕೆಟ್ ವಿಷಯ ಬೇರೆ ಕಥೆ. ಪೇಟೆಂಟ್ ಅನ್ನುವುದು ಗುಣಮಟ್ಟದ ಹೆಸರಲ್ಲ, ಮೇಲೆ ಕೂರಿಸಿದ ಹೊಳಪು ಪದರದ ಹೆಸರು. ಹಿಂದೆ ಅಗಸೆ ಎಣ್ಣೆಯ ವಾರ್ನಿಷ್ ಪದರ ಪದರವಾಗಿ ಬಳಿದು ಮಾಡುತ್ತಿದ್ದರು, ಈಗ ಪ್ಲಾಸ್ಟಿಕ್ ಪದರ. ಕೆಳಗೆ ಚರ್ಮ ಇದ್ದರೂ ಮೇಲಿನಿಂದ ತೂತು, ಗೆರೆ ಏನೂ ಕಾಣುವುದಿಲ್ಲ. ಹಾಗಾಗಿ ಮೇಲ್ಮೈ ನೋಡಿ ನಿರ್ಧಾರ ಮಾಡುವ ಹಾಗೇ ಇಲ್ಲ, ಹಿಂಭಾಗವನ್ನೇ ನೋಡಬೇಕು. ಅವಳದರ ಹಿಂದೆ ಬಟ್ಟೆಯೇ ಇತ್ತು. ಮೊಣಕೈ ಮಡಚುವ ಜಾಗದಲ್ಲಿ ಒಂದು ಬಿರುಕು ಬಿದ್ದು, ಕೂದಲೆಳೆಯಿಂದ ದಾರದಷ್ಟು ಅಗಲ ಆಯಿತು. ಒಮ್ಮೆ ಬಿರಿದರೆ ಪಾಲಿಶ್ ಒಳಗೆ ಇಳಿಯುವುದಿಲ್ಲ, ಕೂಡುವುದೂ ಇಲ್ಲ. ಏಪ್ರಿಲ್ ಸೆಕೆಯಲ್ಲಿ ಮಡಚಿ ಇಟ್ಟಿದ್ದರಿಂದ ಎರಡು ತೋಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸುವಾಗ ಹೊಳಪು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆಗೆ ಬಂತು. ಮಗಳು ಅತ್ತಳು. ನನಗೆ ಅದು ಇನ್ನೂ ನೋವು.

ಆ ಲೈಟರ್ ಪರೀಕ್ಷೆ ಬಗ್ಗೆ ಕೊನೆಗೆ ಅರ್ಥವಾಯಿತು. ಅಂಗಡಿಯವನು ಸುಟ್ಟದ್ದು ತನ್ನ ಜೇಬಿನಿಂದ ತೆಗೆದ ತುಂಡು, ನನ್ನ ಜಾಕೆಟ್‌ನದ್ದಲ್ಲ. ವಾಸನೆಯನ್ನು ಸ್ಪ್ರೇ ಹೊಡೆದೂ ತರಬಹುದು. ಬಿಲ್ ಅಂತ ಕೊಟ್ಟದ್ದು ಬಿಳಿ ಚೀಟಿ, ಅದರಲ್ಲಿ ‘ಜಾಕೆಟ್ 1’ ಅಂತ ಬರೆದಿತ್ತು. ಫೋನ್ ಮಾಡಿದರೆ ಸ್ವಿಚ್ ಆಫ್. ನೀವು ಹೋದರೆ ಬಿಲ್‌ನಲ್ಲಿ ‘ಕುರಿ ಚರ್ಮ’ ಅಥವಾ ‘ಮೇಕೆ ಚರ್ಮ’ ಅಂತ ಬರೆದು, ಅಂಗಡಿಯ ಹೆಸರು, ವಿಳಾಸ ಹಾಕಿ ಕೊಡಲು ಹೇಳಿ. ಜಿಎಸ್‌ಟಿ ಬಿಲ್ ಆದರೆ ಸರಕು ಯಾವುದು ಅಂತ ಗುರುತಿಸುವ ಎಚ್‌ಎಸ್‌ಎನ್ ಸಂಖ್ಯೆ ಚರ್ಮದ ಉಡುಪಿನ 4203 ಇಂದ ಶುರುವಾಗಿದೆಯಾ ನೋಡಿ. ಇಂಥ ಬಿಲ್ ಇದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಹೇಳಲು ನಿಮ್ಮ ಕೈಯಲ್ಲಿ ಏನಾದರೂ ಇರುತ್ತದೆ, ನನ್ನ ಕೈಯಲ್ಲಿ ಏನೂ ಇರಲಿಲ್ಲ. ಒಳಗಿನ ಚಿಕ್ಕ ಲೇಬಲ್ ಕೂಡ ಓದಿ. ಪಿಯು, ಪಾಲಿಯುರೆಥೇನ್, ವೀಗನ್ ಲೆದರ್, ಇವೆಲ್ಲ ಒಂದೇ ಮನೆಯವು. ಪಿಯು ಅಂತ ಗೊತ್ತಿದ್ದೇ 1,200 ರೂಪಾಯಿಗೆ ಕೊಂಡು ಎರಡು ಮೂರು ವರ್ಷ ಹಾಕಿಕೊಂಡರೆ ಅದು ಮೋಸ ಅಲ್ಲ, ಅದಕ್ಕೆ ನನ್ನ ತಕರಾರೂ ಇಲ್ಲ.

ಈ ವಾರದ ಸೇಲ್ ಭಾನುವಾರದವರೆಗೆ ಇದೆಯಂತೆ. ನಿನ್ನೆ ಸಂಜೆ ನಾನೇ ಹೋಗಿ ಮೂರು ಜಾಕೆಟ್‌ನ ಜೇಬು ಎಳೆದು ನೋಡಿದೆ. ‘ಪ್ಯೂರ್ ಲೆದರ್’ ಚೀಟಿ ಮೂರಕ್ಕೂ ಇತ್ತು. ಮೂರರ ಅಂಚಿನಲ್ಲೂ ಬಟ್ಟೆ ಕಂಡಿತು.