ಹೋಟೆಲ್ ವೈಫೈಯಲ್ಲಿ ಎಕ್ಸ್‌ಬಾಕ್ಸ್: ನಾಲ್ಕು ದಾರಿ ಮಾಡಿ ನೋಡಿದೆ, ಉಳಿದದ್ದು ಪುಟ್ಟ ರೂಟರ್

ತಿಂಗಳಿಗೆ ಹತ್ತು ಹನ್ನೆರಡು ರಾತ್ರಿ ನಾನು ಮನೆಯಲ್ಲಿ ಇರುವುದಿಲ್ಲ. ಪ್ಯಾಕಿಂಗ್ ಮಷೀನ್ ಸರ್ವಿಸ್ ನನ್ನ ಕೆಲಸ. ಹುಬ್ಬಳ್ಳಿ, ಬೆಳಗಾವಿ, ಹೊಸಪೇಟೆ ಅಂತ ಸುತ್ತಾಟ ಇದ್ದೇ ಇರುತ್ತದೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ತಗೊಂಡಿದ್ದೇ ಅದು ಬಟ್ಟೆ ಬ್ಯಾಗಿನಲ್ಲಿ ಹಿಡಿಯುತ್ತದೆ ಅಂತ. ರಾತ್ರಿ ಊಟ ಮುಗಿಸಿ ಒಂದು ಗಂಟೆ ಆಡಿದರೆ ದಿನದ ಸುಸ್ತು ಇಳಿಯುತ್ತದೆ. ಆದರೆ ಹುಬ್ಬಳ್ಳಿಯ ಮೊದಲ ರಾತ್ರಿಯೇ ವೈಫೈ ಸಿಕ್ಕಿತು, ಇಂಟರ್ನೆಟ್ ಸಿಗಲಿಲ್ಲ. ಪರದೆಯ ಮೇಲೆ ಬಂದದ್ದು ಒಂದೇ ಸಾಲು: `Additional authentication needed`.

ಅಂದಿನಿಂದ ನಾಲ್ಕು ದಾರಿ ಮಾಡಿ ನೋಡಿದ್ದೇನೆ. ಈಗ ಬ್ಯಾಗಿನಲ್ಲಿ ಉಳಿದಿರುವುದು ಅಂಗೈಯಷ್ಟು ದೊಡ್ಡ ಟ್ರಾವೆಲ್ ರೂಟರ್. ನನಗೆ ಅದೇ ಇಷ್ಟ, ಮೊದಲೇ ಹೇಳಿಬಿಡುತ್ತೇನೆ. ಆದರೆ ಅದೇ ರೂಟರ್ ನನ್ನ ಎರಡು ಸಂಜೆ ಹಾಳು ಮಾಡಿತ್ತು. ಆ ಕಥೆ ಕೇಳಿದ ಮೇಲೆ ತಗೊಳ್ಳಿ.

ಮೊದಲು ಈ ತೊಂದರೆ ಎಲ್ಲಿಂದ ಬರುತ್ತದೆ ಅಂತ ನೋಡೋಣ. ಹೋಟೆಲ್ ವೈಫೈಗೆ ಸೇರಿದ ಕೂಡಲೇ ಹೊರಗಿನ ಇಂಟರ್ನೆಟ್ ಬಿಡುವುದಿಲ್ಲ. ಯಾವ ವೆಬ್ ಪುಟ ಕೇಳಿದರೂ ಅಲ್ಲಿನ ಗೇಟ್‌ವೇ ತನ್ನ ಲಾಗಿನ್ ಪೇಜನ್ನು ಮುಂದೆ ತಂದು ನಿಲ್ಲಿಸುತ್ತದೆ. ರೂಮ್ ನಂಬರ್ ಅಥವಾ ಒಟಿಪಿ ಹಾಕಿದ ಮೇಲೆ ನಿಮ್ಮ ಡಿವೈಸಿನ ಮ್ಯಾಕ್ ಅಡ್ರೆಸ್, ಅಂದರೆ ನೆಟ್‌ವರ್ಕಿನಲ್ಲಿ ಅದರ ಗುರುತಿನ ನಂಬರ್, ಬರೆದಿಟ್ಟುಕೊಂಡು ದಾರಿ ಬಿಡುತ್ತದೆ. ಅದು ಗುರುತಿಸುವುದು ನಿಮ್ಮನ್ನಲ್ಲ, ಆ ಮ್ಯಾಕ್ ಅಡ್ರೆಸ್ ಅನ್ನು. ಮುಂದೆ ಹೇಳುವ ದಾರಿಗಳೆಲ್ಲ ನಿಂತಿರುವುದು ಇದರ ಮೇಲೆ.

ಕನ್ಸೋಲಿನ ಸ್ವಂತ ಬ್ರೌಸರ್

ಎಕ್ಸ್‌ಬಾಕ್ಸ್‌ನಲ್ಲಿ ಎಡ್ಜ್ ಬ್ರೌಸರ್ ಇದೆ. ಖರ್ಚಿಲ್ಲ, ಮೊದಲು ಇದನ್ನೇ ನೋಡಿ. ಲಾಗಿನ್ ಪೇಜ್ ತಾನಾಗಿ ಬರದಿದ್ದರೆ ಎಡ್ಜ್ ತೆರೆದು `http://neverssl.com` ಅಂತ ಟೈಪ್ ಮಾಡಿ. `https` ಇರುವ ವಿಳಾಸ ಹಾಕಿದರೆ ಗೇಟ್‌ವೇಗೆ ಮಧ್ಯೆ ಬಂದು ತನ್ನ ಪೇಜ್ ತೋರಿಸಲು ಆಗುವುದಿಲ್ಲ. ಬ್ರೌಸರ್ ಎಚ್ಚರಿಕೆ ಕೊಟ್ಟು ನಿಂತುಬಿಡುತ್ತದೆ. ನೆವರ್ ಎಸ್‌ಎಸ್‌ಎಲ್ ಬೇಕಂತಲೇ ಬರೀ `http` ಇಟ್ಟುಕೊಂಡಿರುವ ತಾಣ.

ಹೊಸಪೇಟೆಯಲ್ಲಿ ಇದರಿಂದ ಎರಡೇ ನಿಮಿಷದಲ್ಲಿ ಕೆಲಸ ಆಯಿತು. ಹುಬ್ಬಳ್ಳಿಯಲ್ಲಿ ಪೇಜ್ ಬಂತು, ಒಟಿಪಿ ಹಾಕಿದೆ, ಆಮೇಲೆ ಡಿವೈಸ್ ಲಿಮಿಟ್ ಮುಗಿದಿದೆ ಅಂತ ತೋರಿಸಿತು. ಕೆಳಗಿಳಿದು ರಿಸೆಪ್ಷನ್‌ನಲ್ಲಿ ಕೇಳಿದೆ.

"ಸರ್, ಒಂದ್ ರೂಮಿಗೆ ಎರಡೇ ಡಿವೈಸ್ ರೀ. ಫೋನು, ಲ್ಯಾಪ್‌ಟಾಪ್ ಹಾಕ್ಕೊಂಡೀರಿ, ಮುಗೀತು" ಅಂದ ಹುಡುಗ. ಅವನ ತಪ್ಪೇನೂ ಇರಲಿಲ್ಲ, ಸಿಸ್ಟಮ್ ಇದ್ದದ್ದೇ ಹಾಗೆ.

ಮ್ಯಾಕ್ ಅಡ್ರೆಸ್ ಬದಲಿಸುವುದು

ಲಾಗಿನ್ ಆದ ಫೋನಿನ ಮ್ಯಾಕ್ ಅಡ್ರೆಸ್ ಅನ್ನೇ ಎಕ್ಸ್‌ಬಾಕ್ಸ್‌ಗೆ ಕೊಟ್ಟರೆ ಗೇಟ್‌ವೇ ಅದನ್ನು ಫೋನ್ ಅಂತಲೇ ತಿಳಿಯುತ್ತದೆ. `Settings > General > Network settings > Advanced settings > Alternate MAC address` ಒಳಗೆ ಹೋಗಿ ನಂಬರ್ ಹಾಕಿ ಕನ್ಸೋಲ್ ರೀಸ್ಟಾರ್ಟ್ ಮಾಡಬೇಕು. ಇಲ್ಲಿ ನಾನು ಎಡವಿದ್ದು ಒಂದು ಕಡೆ. ಫೋನಿನ `About phone`ನಲ್ಲಿ ಇದ್ದ ಮ್ಯಾಕ್ ಹಾಕಿದ್ದೆ, ಮತ್ತೆ ಅದೇ ಲಾಗಿನ್ ಪೇಜ್ ಬಂತು. ಆಂಡ್ರಾಯ್ಡ್ 10ರಿಂದ ಈಚೆಗೆ ಫೋನು ಸಾಮಾನ್ಯವಾಗಿ ಒಂದೊಂದು ವೈಫೈಗೂ ಬೇರೆ ಬೇರೆ ಮ್ಯಾಕ್ ತೋರಿಸುತ್ತದೆ. ಹಾಗಾಗಿ ಆ ಹೋಟೆಲ್ ವೈಫೈ ಹೆಸರಿನ ವಿವರದೊಳಗೆ ಇರುವ ನಂಬರನ್ನೇ ತಗೊಳ್ಳಬೇಕು.

ಸರಿಯಾದ ನಂಬರ್ ಹಾಕಿದ ಮೇಲೆ ನಡೆಯಿತು. ಆದರೆ ಕನ್ಸೋಲ್ ಓಡುವಾಗ ಫೋನಿನ ವೈಫೈ ಆಫ್ ಇರಲೇಬೇಕು. ಒಂದೇ ಮ್ಯಾಕ್ ಇಟ್ಟುಕೊಂಡು ಎರಡೂ ಒಟ್ಟಿಗೆ ಸೇರಿದರೆ ಎರಡೂ ಕಡಿದು ಕಡಿದು ಹೋಗುತ್ತವೆ. ಮನೆಗೆ ಬಂದ ಮೇಲೆ `Clear` ಒತ್ತಿ ಹಳೆಯದಕ್ಕೆ ತರುವುದನ್ನು ಮರೆಯಬೇಡಿ.

ಲ್ಯಾಪ್‌ಟಾಪ್ ಹಾಟ್‌ಸ್ಪಾಟ್

ವಿಂಡೋಸ್ ಲ್ಯಾಪ್‌ಟಾಪನ್ನು ಹೋಟೆಲ್ ವೈಫೈಗೆ ಸೇರಿಸಿ ಲಾಗಿನ್ ಮಾಡಿ, `Mobile hotspot` ಆನ್ ಮಾಡಿ, ಕನ್ಸೋಲನ್ನು ಅದಕ್ಕೆ ಸೇರಿಸುವುದು. ಹೋಟೆಲ್ ಕಣ್ಣಿಗೆ ಕಾಣುವುದು ಲ್ಯಾಪ್‌ಟಾಪ್ ಒಂದೇ. ವರ್ಷಕ್ಕೆ ಎರಡು ಸಲ ಊರು ಬಿಡುವವರಿಗೆ ಇದು ಧಾರಾಳ ಸಾಕು. ನನಗೆ ಆಗಲಿಲ್ಲ. ಆಫೀಸ್ ಲ್ಯಾಪ್‌ಟಾಪಿನಲ್ಲಿ ಹಾಟ್‌ಸ್ಪಾಟ್ ಬಂದ್ ಮಾಡಿಟ್ಟಿದ್ದಾರೆ. ನನ್ನ ಹಳೆಯ ಲ್ಯಾಪ್‌ಟಾಪ್ ಒಯ್ದರೆ ಎರಡು ಕೆಜಿ ಭಾರ ಜಾಸ್ತಿ. ಅದು ನಿದ್ದೆಗೆ ಹೋದ ಕೂಡಲೇ ಆಟ ಕಟ್. ಒಂದೇ ವೈಫೈ ಚಿಪ್ ಎರಡು ಕಡೆ ದುಡಿಯುವುದರಿಂದ ಡೌನ್‌ಲೋಡ್ ಕೂಡ ನಿಧಾನ.

ಟ್ರಾವೆಲ್ ರೂಟರ್

ನಾನು ತಗೊಂಡದ್ದು ಓಪನ್‌ಡಬ್ಲ್ಯುಆರ್‌ಟಿ ಅನ್ನುವ ರೂಟರ್ ಸಾಫ್ಟ್‌ವೇರ್ ಓಡಿಸುವ ಒಂದು ರೂಟರ್. ಫೋನ್ ಚಾರ್ಜರಿನಿಂದಲೇ ನಡೆಯುತ್ತದೆ. ಫೋನನ್ನು ರೂಟರಿನ ವೈಫೈಗೆ ಸೇರಿಸಿ, ಅದರ ಸೆಟ್ಟಿಂಗ್ ಪುಟದಲ್ಲಿ `Repeater` ಆರಿಸಿ, ಹೋಟೆಲ್ ವೈಫೈ ಹೆಸರು ಒತ್ತಬೇಕು. ಆಮೇಲೆ ಫೋನಿನ ಬ್ರೌಸರಿನಲ್ಲೇ ಲಾಗಿನ್. ಗೇಟ್‌ವೇ ಬರೆದುಕೊಳ್ಳುವುದು ರೂಟರಿನ ಮ್ಯಾಕ್. ಅದರ ಹಿಂದೆ ಫೋನು, ಲ್ಯಾಪ್‌ಟಾಪ್, ಎಕ್ಸ್‌ಬಾಕ್ಸ್ ಎಲ್ಲ ಸೇರಿ ಒಂದೇ ಡಿವೈಸ್. ಮನೆಯ ವೈಫೈ ಹೆಸರು, ಪಾಸ್‌ವರ್ಡನ್ನೇ ರೂಟರಿಗೂ ಇಟ್ಟಿದ್ದೇನೆ. ಹಾಗಾಗಿ ಯಾವ ಊರಿಗೆ ಹೋದರೂ ಎಕ್ಸ್‌ಬಾಕ್ಸ್ ತಾನಾಗಿ ಸೇರಿಕೊಳ್ಳುತ್ತದೆ.

ಈಗ ಆ ಎರಡು ಸಂಜೆಯ ಕಥೆ. ಬೆಳಗಾವಿಯಲ್ಲಿ ರೂಟರ್ ಹೋಟೆಲ್ ವೈಫೈಗೆ ಸೇರಿತು, ಐಪಿ ವಿಳಾಸವೂ ಬಂತು. ಫೋನಿನಲ್ಲಿ `http://neverssl.com` ಹಾಕಿದರೆ ಆ ತಾಣವೇ ಚೆನ್ನಾಗಿ ತೆರೆಯಿತು! ಲಾಗಿನ್ ಇಲ್ಲದೆ ಇಂಟರ್ನೆಟ್ ಬಂತಲ್ಲ ಅಂತ ಖುಷಿಪಟ್ಟೆ. ಎಕ್ಸ್‌ಬಾಕ್ಸ್ ಮಾತ್ರ ಅಲ್ಲೇ ನಿಂತಿತ್ತು. ಅರ್ಧ ಗಂಟೆ ಆದ ಮೇಲೆ ಹೊಳೆಯಿತು. ವೈಫೈಯಲ್ಲಿ ಇಂಟರ್ನೆಟ್ ಇಲ್ಲ ಅಂತ ಗೊತ್ತಾಗಿ ಫೋನು ಮೊಬೈಲ್ ಡೇಟಾದಿಂದ ಪುಟ ತಂದಿತ್ತು. ಲಾಗಿನ್ ಆಗುವ ತನಕ ಮೊಬೈಲ್ ಡೇಟಾ ಆಫ್ ಮಾಡಿಡಿ. ಒಟಿಪಿ ಎಸ್‌ಎಂಎಸ್ ಬರುವುದಕ್ಕೆ ಡೇಟಾ ಬೇಕಿಲ್ಲ.

ಡೇಟಾ ಆಫ್ ಮಾಡಿದ ಮೇಲೆ ನಿಜವಾದ ತೊಡಕು ಕಂಡಿತು. ಬ್ರೌಸರ್ ಹೋಟೆಲಿನ ಲಾಗಿನ್ ವಿಳಾಸಕ್ಕೆ ತಿರುಗಿತು, ಆದರೆ ಪುಟ ಬರಲಿಲ್ಲ. ಬಂದದ್ದು `DNS_PROBE_FINISHED_NXDOMAIN`. ಅಂದರೆ ಆ ಹೆಸರಿನ ತಾಣವೇ ಇಲ್ಲ ಅಂತ. ಫೋನನ್ನು ನೇರ ಹೋಟೆಲ್ ವೈಫೈಗೆ ಸೇರಿಸಿದರೆ ಅದೇ ಪುಟ ಚಂದವಾಗಿ ಬರುತ್ತಿತ್ತು. ಹಾಗಿದ್ದರೆ ತಡೆಯುತ್ತಿರುವುದು ನಡುವೆ ಇರುವ ರೂಟರ್ ತಾನೇ? ರೀಸೆಟ್ ಮಾಡಿದೆ, ಮತ್ತೆ ಸೇರಿಸಿದೆ, ಆ ಸಂಜೆ ಹಾಗೇ ಹೋಯಿತು.

ಮರುದಿನ ಲ್ಯಾಪ್‌ಟಾಪಿನಲ್ಲಿ ಲಾಗಿನ್ ಪೇಜಿನ ಹೆಸರನ್ನು, ತಾಣದ ಹೆಸರಿಗೆ ಐಪಿ ವಿಳಾಸ ಕೇಳಿ ಹೇಳುವ `nslookup` ಕಮಾಂಡಿಗೆ ಕೊಟ್ಟು ನೋಡಿದೆ. ನೇರ ಹೋಟೆಲ್ ವೈಫೈಯಲ್ಲಿ ಉತ್ತರ `10.`ನಿಂದ ಶುರುವಾಗುವ ವಿಳಾಸ. ರೂಟರ್ ಮೂಲಕ ಕೇಳಿದರೆ ಉತ್ತರವೇ ಇಲ್ಲ. ರೂಟರಿನ ಲಾಗ್ ತೆರೆದಾಗ ಕಾರಣ ಸಿಕ್ಕಿತು: `possible DNS-rebind attack detected`.

ಆದದ್ದು ಇಷ್ಟು. `10.`, `192.168.` ಇಂಥವು ಒಳಗಿನ ನೆಟ್‌ವರ್ಕಿನ ವಿಳಾಸಗಳು. ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವುದು ಡಿಎನ್‌ಎಸ್. ಹೊರಗಿನ ಡಿಎನ್‌ಎಸ್ ಒಂದು ಹೆಸರಿಗೆ ಇಂಥ ವಿಳಾಸ ಕೊಟ್ಟರೆ, ಯಾರೋ ನಿಮ್ಮ ಮನೆಯೊಳಗಿನ ಡಿವೈಸಿಗೆ ದಾರಿ ಮಾಡುತ್ತಿರಬಹುದು ಅಂತ ರೂಟರ್ ಆ ಉತ್ತರವನ್ನು ಬಿಸಾಕುತ್ತದೆ. ಮನೆಯಲ್ಲಿ ಅದು ಒಳ್ಳೆಯ ಕಾವಲು. ಆದರೆ ಹೋಟೆಲಿನ ಲಾಗಿನ್ ಪೇಜ್ ಇರುವುದೇ ಒಳಗಿನ ವಿಳಾಸದಲ್ಲಿ. ಕಾವಲುಗಾರ ಅದನ್ನೂ ಕಳ್ಳ ಅಂದುಕೊಂಡಿದ್ದ.

ಹಲವು ರೂಟರಿನ ಡಿಎನ್‌ಎಸ್ ಪುಟದಲ್ಲಿ `Rebind` ಅನ್ನುವ ಹೆಸರಿನ ಒಂದು ಸ್ವಿಚ್ ಇರುತ್ತದೆ. ಅದನ್ನು ಆಫ್ ಮಾಡಿದರೆ ಸಾಕು. ಸ್ವಿಚ್ ಇಲ್ಲದಿದ್ದರೆ ಲ್ಯಾಪ್‌ಟಾಪಿನಿಂದ `ssh` ಮೂಲಕ ರೂಟರಿನ ಒಳಗೆ ಹೋಗಿ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಹೀಗೆ ಟೈಪ್ ಮಾಡಿ:

```
uci set dhcp.@dnsmasq[0].rebind_protection='0'
uci commit dhcp
/etc/init.d/dnsmasq restart
```

ಪುಟ ತೆರೆಯಿತು, ಒಟಿಪಿ ಹಾಕಿದೆ, ಎಕ್ಸ್‌ಬಾಕ್ಸ್ ಸರ್ರನೆ ಒಳಗೆ ಹೋಯಿತು. ಆ ಕ್ಷಣದ ಸಮಾಧಾನ ಇನ್ನೂ ನೆನಪಿದೆ. ಲಾಗಿನ್ ಆದ ಮೇಲೆ `0` ಇದ್ದಲ್ಲಿ `1` ಹಾಕಿ ಅದೇ ಮೂರು ಸಾಲು ಓಡಿಸಿ ಕಾವಲನ್ನು ಮತ್ತೆ ಆನ್ ಮಾಡಿ. ಆಟಕ್ಕೆ ಏನೂ ಆಗುವುದಿಲ್ಲ.

ಇದೇ ಲಕ್ಷಣ ಇನ್ನೊಂದು ಕಾರಣದಿಂದಲೂ ಬರುತ್ತದೆ. ರೂಟರಿನಲ್ಲಿ `8.8.8.8` ತರಹ ಬೇರೆ ಡಿಎನ್‌ಎಸ್ ಇಟ್ಟಿದ್ದರೆ, ಹೋಟೆಲಿನ ಡಿಎನ್‌ಎಸ್‌ಗೆ ಮಾತ್ರ ಗೊತ್ತಿರುವ ಲಾಗಿನ್ ಹೆಸರು ಅದಕ್ಕೆ ಗೊತ್ತೇ ಇರುವುದಿಲ್ಲ. ಆಗ ರೂಟರಿನ ಲಾಗ್‌ನಲ್ಲಿ ಆ ರಿಬೈಂಡ್ ಸಾಲು ಇರುವುದಿಲ್ಲ, ಅದೇ ಗುರುತು. ಡಿಎನ್‌ಎಸ್ ಅನ್ನು `Automatic`ಗೆ ತನ್ನಿ. ವಿಪಿಎನ್ ಇದ್ದರೆ ಲಾಗಿನ್ ಮುಗಿಯುವ ತನಕ ಅದೂ ಆಫ್ ಇರಲಿ.

ರೂಟರಿಂದ ಆಗದ ಕೆಲಸವೂ ಇದೆ. ಹಲವು ಡಿವೈಸ್‌ಗಳನ್ನು ಒಂದೇ ವಿಳಾಸದ ಹಿಂದೆ ಇಡುವ ಏರ್ಪಾಡಿಗೆ ನ್ಯಾಟ್ ಅಂತಾರೆ. ಹೋಟೆಲಿನದ್ದು ಒಂದು ನ್ಯಾಟ್, ರೂಟರಿನದ್ದು ಅದರ ಮೇಲೆ ಇನ್ನೊಂದು. ಎಕ್ಸ್‌ಬಾಕ್ಸ್ `Double NAT detected` ಅನ್ನಬಹುದು. ಪಾರ್ಟಿ ಚಾಟ್‌ನಲ್ಲಿ ಕೆಲವರ ದನಿ ಕೇಳದೆ ಹೋಗಬಹುದು. ಹೋಟೆಲಿನ ಗೇಟ್‌ವೇ ನಮ್ಮ ಕೈಯಲ್ಲಿ ಇಲ್ಲವಲ್ಲ, ಹಾಗಾಗಿ ಪೋರ್ಟ್ ತೆರೆಯುವ ಮಾತಿಲ್ಲ. ನಾನು ಆಡುವುದು ಹೆಚ್ಚಾಗಿ ಒಬ್ಬನೇ. ಆಟ ಡೌನ್‌ಲೋಡ್ ಆಗಬೇಕು, ಸೇವ್ ಮನೆಯ ತನಕ ಬರಬೇಕು, ಅಷ್ಟೇ. ಲಾಗಿನ್ ಅವಧಿ ಮುಗಿದಾಗ ಮತ್ತೆ ಒಟಿಪಿ ಹಾಕಲೇಬೇಕು, ಬೆಳಗಾವಿಯಂಥ ಕಡೆ ರಿಬೈಂಡ್ ಕಾವಲನ್ನೂ ಮತ್ತೆ ಆಫ್ ಮಾಡಬೇಕು. ಒಟಿಪಿಯನ್ನು ಕೂತಲ್ಲೇ ಫೋನಿನಲ್ಲಿ ಹಾಕಬಹುದು ಅನ್ನುವುದು ರೂಟರಿನ ಲಾಭ.

ನನ್ನ ತಮ್ಮನ ಹಾಸ್ಟೆಲ್ ಕಥೆ ಬೇರೆ. ಅಲ್ಲಿ ಲಾಗಿನ್ ಪೇಜೇ ಇಲ್ಲ. ವೈಫೈಗೆ ಸೇರುವಾಗಲೇ ಯೂಸರ್ ಐಡಿ, ಪಾಸ್‌ವರ್ಡ್ ಎರಡೂ ಕೇಳುತ್ತದೆ. ಇದು ಡಬ್ಲ್ಯುಪಿಎ2 ಎಂಟರ್‌ಪ್ರೈಸ್. ಎಕ್ಸ್‌ಬಾಕ್ಸ್‌ನಲ್ಲಿ ಐಡಿ ಹಾಕುವ ಜಾಗವೇ ಇಲ್ಲ, ಬ್ರೌಸರ್ ದಾರಿ ಅಲ್ಲಿ ಸುಮ್ನೆ ವ್ಯರ್ಥ. ಎಷ್ಟೋ ಹಾಸ್ಟೆಲ್‌ಗಳಲ್ಲಿ ಸ್ವಂತ ರೂಟರ್ ಇಡಲು ಬಿಡುವುದಿಲ್ಲ. ಅವನು ವಾರ್ಡನ್ ಹತ್ತಿರ ಕೇಳಿ, ಕನ್ಸೋಲಿನ ಮ್ಯಾಕ್ ಅಡ್ರೆಸ್ ಬರೆದುಕೊಟ್ಟು, ಅಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುವವರಿಂದಲೇ ಸೇರಿಸಿಕೊಂಡ. ಹಾಸ್ಟೆಲಿನಲ್ಲಿ ಇರುವವರಿಗೆ ನಾನು ಹೇಳುವುದೂ ಅದನ್ನೇ.

ನನಗೆ ರೂಟರಿಗೆ ಮೂರೂವರೆ ಸಾವಿರ ಬಿತ್ತು. ತಿಂಗಳಿಗೆ ಹತ್ತು ರಾತ್ರಿ ಹೊರಗೆ ಕಳೆಯುವವನಿಗೆ ಅದು ಜಾಸ್ತಿ ಅಲ್ಲ. ದಸರಾಕ್ಕೊಮ್ಮೆ, ಬೇಸಿಗೆಗೊಮ್ಮೆ ಹೋಗುವವರು ಆ ದುಡ್ಡು ಉಳಿಸಿ. ಮೊದಲು ಎಡ್ಜ್ ತೆರೆಯಿರಿ, ಆಗದಿದ್ದರೆ ಲ್ಯಾಪ್‌ಟಾಪ್ ಹಾಟ್‌ಸ್ಪಾಟ್ ಹಚ್ಚಿ. ರೂಟರ್ ತಗೊಂಡವರು ರಿಬೈಂಡ್ ಸ್ವಿಚ್ ಎಲ್ಲಿದೆ ಅಂತ ಮನೆಯಲ್ಲೇ ಹುಡುಕಿಟ್ಟುಕೊಂಡು ಹೊರಡಿ.