ರೋಬೋಟ್ ಮೊಣಕೈಯ ಬ್ಯಾಕ್‌ಲ್ಯಾಶ್: ಗೇರ್, ಸ್ಪ್ರಿಂಗ್ ಗೇರ್, ಬೆಲ್ಟ್ ಮೂರನ್ನೂ ಅಳವಡಿಸಿ ಅಳೆದ ಹೋಲಿಕೆ

ನಾನು ಕಟ್ಟಿದ ಸಣ್ಣ ರೋಬೋಟ್ ತೋಳು ಒಂದೇ ಬಿಂದುವಿಗೆ ಎಡದಿಂದ ಬಂದರೆ ಒಂದು ಕಡೆ, ಬಲದಿಂದ ಬಂದರೆ ಸುಮಾರು ಒಂದು ಮಿಲಿಮೀಟರ್ ಆಚೆ ನಿಲ್ಲುತ್ತಿತ್ತು. ಎರಡು ಸಲವೂ ಮೋಟಾರು ಎಷ್ಟು ತಿರುಗಿತೆಂದು ಎಣಿಸುವ ಎನ್‌ಕೋಡರ್ ಒಂದೇ ಎಣಿಕೆಯನ್ನು ತೋರಿಸುತ್ತಿದ್ದುದರಿಂದ, ದೋಷವಿರುವುದು ಮೋಟಾರಿಗೂ ಮುಂಗೈಗೂ ನಡುವೆ ಎಂಬುದು ಸ್ಪಷ್ಟವಾಗಿತ್ತು. ಅದೇ ಮೋಟಾರು, ಅದೇ ಮುಂಗೈ ಮತ್ತು ಅದೇ 20:1 ಅನುಪಾತವನ್ನು ಇಟ್ಟುಕೊಂಡು, ಮೊಣಕೈ ಕೀಲಿಗೆ ಮೊದಲು ಸಾಧಾರಣ ಗೇರುಗಳನ್ನು, ನಂತರ ಸ್ಪ್ರಿಂಗ್ ಇರುವ ಸೀಳು ಗೇರನ್ನು, ಆಮೇಲೆ ಎರಡು ಹಂತದ ಬೆಲ್ಟನ್ನು, ಕೊನೆಗೆ ಇವೆರಡರ ಮಿಶ್ರಣವನ್ನು ಅಳವಡಿಸಿ ಅಳೆದೆ.

ಹೋಲಿಕೆ ನ್ಯಾಯವಾಗಿರಬೇಕಾದರೆ ಅಳೆಯುವ ವಿಧಾನ ಎಲ್ಲಕ್ಕೂ ಒಂದೇ ಆಗಿರಬೇಕು. ಗುರುತ್ವವು ಹಲ್ಲುಗಳನ್ನು ಒಂದೇ ಬದಿಗೆ ಒತ್ತಿಟ್ಟು ಅವುಗಳ ನಡುವಿನ ಸಡಿಲವನ್ನು, ಎಂದರೆ ಬ್ಯಾಕ್‌ಲ್ಯಾಶನ್ನು, ಮರೆಮಾಡುವುದರಿಂದ, ಕೀಲಿನ ಅಕ್ಷ ನೇರವಾಗಿ ಮೇಲ್ಮುಖವಾಗಿರುವಂತೆ ಇಡೀ ಜೋಡಣೆಯನ್ನು ಮೇಜಿನ ಮೇಲೆ ಮಲಗಿಸಿ, ಮುಂಗೈ ಅಡ್ಡಡ್ಡಲಾಗಿ ತಿರುಗುವಂತೆ ಮಾಡಿದೆ. ಮೋಟಾರಿಗೆ ವಿದ್ಯುತ್ ಕೊಟ್ಟು ನಿಲ್ಲಿಸಿದರೆ ಮೋಟಾರೇ ಸ್ವಲ್ಪ ಬಾಗಿಕೊಡುವುದರಿಂದ, ಅದರ ಶಾಫ್ಟನ್ನು ಕ್ಲಾಂಪಿನಿಂದ ಬಿಗಿದೆ. ಅಕ್ಷದಿಂದ 250 ಮಿ.ಮೀ. ದೂರದಲ್ಲಿ ಡಯಲ್ ಗೇಜ್ ಇಟ್ಟು, ಅದೇ ಜಾಗದಲ್ಲಿ ಸ್ಪ್ರಿಂಗ್ ತಕ್ಕಡಿಯಿಂದ 10 ನ್ಯೂಟನ್‌ವರೆಗೆ ಎಡಕ್ಕೆ ಎಳೆದು, ನಿಧಾನವಾಗಿ ಬಿಟ್ಟು, ಬಲಕ್ಕೆ ಎಳೆದು, ಪ್ರತಿ ನ್ಯೂಟನ್‌ಗೂ ಗೇಜಿನ ಅಂಕಿಯನ್ನು ಬರೆದುಕೊಂಡೆ.

ಈ ಅಂಕಿಗಳನ್ನು ನಕ್ಷೆಯಾಗಿ ಬರೆದಾಗ ಎರಡು ಬೇರೆ ಬೇರೆ ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಬಲವೇನೂ ಹೆಚ್ಚದೆ ಮುಂಗೈ ಜರುಗುವ ನಡುವಿನ ಭಾಗವೇ ನಿಜವಾದ ಬ್ಯಾಕ್‌ಲ್ಯಾಶ್. ಅದರ ಎರಡೂ ಕಡೆ ಬಲದೊಂದಿಗೆ ಸಮನಾಗಿ ಏರುವ ಓರೆ ಗೆರೆ ಹಲ್ಲು, ಶಾಫ್ಟ್ ಮತ್ತು ಬೆಲ್ಟ್‌ಗಳ ಹಿಗ್ಗುವಿಕೆ. ಕೈಯಲ್ಲಿ ಅಲ್ಲಾಡಿಸಿ ನೋಡಿದರೆ ಎರಡೂ ಒಂದೇ ರೀತಿ ತೋರುತ್ತವೆ. ಆದರೆ ಹಿಗ್ಗುವಿಕೆಯನ್ನು ಹೊರೆಯಿಂದ ಲೆಕ್ಕ ಹಾಕಿ ನಿಯಂತ್ರಕದಲ್ಲಿ ಸರಿಪಡಿಸಬಹುದು, ಸಡಿಲದೊಳಗೆ ಮುಂಗೈ ಈ ಕ್ಷಣ ಎಲ್ಲಿದೆ ಎಂಬುದನ್ನು ಮೋಟಾರಿನ ಕಡೆಯಿಂದ ತಿಳಿಯಲು ಸಾಧ್ಯವಿಲ್ಲ. ನನ್ನ ಇಡೀ ತೀರ್ಮಾನ ಈ ವ್ಯತ್ಯಾಸದ ಮೇಲೆ ನಿಂತಿದೆ.

ಮೊದಲಿನದು ಮಾಡ್ಯೂಲ್ 1ರ ಉಕ್ಕಿನ ಗೇರುಗಳ ಜೋಡಣೆ: ಮೊದಲ ಹಂತದಲ್ಲಿ 18 ಹಲ್ಲಿನ ಸಣ್ಣ ಗೇರಾದ ಪಿನಿಯನ್ 90 ಹಲ್ಲಿನ ಗೇರನ್ನೂ, ಎರಡನೆಯ ಹಂತದಲ್ಲಿ ಇನ್ನೊಂದು 18 ಹಲ್ಲಿನ ಪಿನಿಯನ್ 72 ಹಲ್ಲಿನ ಗೇರನ್ನೂ ತಿರುಗಿಸುತ್ತದೆ. ಎರಡೂ ಹಂತಗಳಲ್ಲಿ ಹಲ್ಲುಗಳ ನಡುವಿನ ಸಡಿಲ ಸುಮಾರು 0.12 ಮಿ.ಮೀ. ಇತ್ತು. ಕೊನೆಯ ಗೇರಿನ ತ್ರಿಜ್ಯ 36 ಮಿ.ಮೀ. ಆದುದರಿಂದ ಆ ಹಂತದ ಸಡಿಲ ಗೇಜಿನ ಜಾಗದಲ್ಲಿ 0.83 ಮಿ.ಮೀ. ಆಗಿ ಕಾಣುತ್ತದೆ. ಮೊದಲ ಹಂತದ ಗೇರಿನ ತ್ರಿಜ್ಯ 45 ಮಿ.ಮೀ.; ಅಲ್ಲಿನ ಅಷ್ಟೇ ಸಡಿಲ ಮುಂದಿನ 4:1 ಅನುಪಾತದಿಂದ ಭಾಗವಾಗಿ ಕೇವಲ 0.17 ಮಿ.ಮೀ. ಆಗಿ ಉಳಿಯುತ್ತದೆ. ಗೇಜ್ ತೋರಿಸಿದ ಒಂದು ಮಿಲಿಮೀಟರಿನಲ್ಲಿ ಐದು ಪಾಲಿಗೆ ನಾಲ್ಕು ಪಾಲಿಗಿಂತ ಹೆಚ್ಚು ಕೊನೆಯ ಹಂತದ್ದೇ ಆಗಿದ್ದುದರಿಂದ, ಮೋಟಾರಿನ ಬದಿಯ ಗೇರುಗಳನ್ನು ತಿದ್ದುತ್ತ ಕೂರುವುದರಲ್ಲಿ ಅರ್ಥವಿರಲಿಲ್ಲ.

ಗೇರುಗಳನ್ನು ಬದಲಿಸದೆ ಸಡಿಲವನ್ನು ಕಡಿಮೆ ಮಾಡುವ ನೇರ ದಾರಿಯೆಂದರೆ ಎರಡು ಶಾಫ್ಟ್‌ಗಳನ್ನು ಹತ್ತಿರ ತರುವುದು. 20 ಡಿಗ್ರಿ ಒತ್ತಡ ಕೋನದ ಹಲ್ಲುಗಳಿಗೆ ಲೆಕ್ಕ ಹೀಗಿದೆ:

```
j = 2 · Δa · tan(20°) ≈ 0.73 · Δa
```

ಇಲ್ಲಿ Δa ಎಂದರೆ ಕೇಂದ್ರಗಳ ಅಂತರದಲ್ಲಿ ಮಾಡಿದ ಬದಲಾವಣೆ, j ಎಂದರೆ ಅದರಿಂದ ಸಡಿಲದಲ್ಲಾಗುವ ಬದಲಾವಣೆ. ಮಧ್ಯದ ಶಾಫ್ಟ್‌ನ ಬೇರಿಂಗುಗಳನ್ನು ತೂತು ಒಂದು ಪಕ್ಕಕ್ಕಿರುವ ಎಕ್ಸೆಂಟ್ರಿಕ್ ಬುಶ್‌ಗಳಲ್ಲಿ ಕೂರಿಸಿ, ಅವನ್ನು ತಿರುಗಿಸುತ್ತ ಶಾಫ್ಟನ್ನು ಕೊನೆಯ ಗೇರಿನ ಕಡೆಗೆ ಸರಿಸಿದೆ. ಮೋಟಾರಿನ ತಟ್ಟೆಯಲ್ಲಿ ಉದ್ದ ತೂತುಗಳಿದ್ದುದರಿಂದ ಮೊದಲ ಹಂತದ ಅಂತರವನ್ನು ಮೊದಲಿದ್ದಂತೆಯೇ ಉಳಿಸಿಕೊಂಡೆ. ಒಂದು ಜಾಗದಲ್ಲಿ ಸಡಿಲ 0.3 ಮಿ.ಮೀ.ಗೆ ಇಳಿಯಿತು. ಆದರೆ ಕೀಲನ್ನು ತುಸು ತಿರುಗಿಸಿದರೆ ಅದು 0.6ಕ್ಕೆ ಏರುತ್ತಿತ್ತು, ಮತ್ತೂ ಬಿಗಿ ಮಾಡಿದರೆ 0.3 ಇದ್ದ ಜಾಗದಲ್ಲಿ ಹಲ್ಲುಗಳು ಕಚ್ಚಿಕೊಂಡು ಗೊರಗೊರ ಸದ್ದು ಬರುತ್ತಿತ್ತು.

ಈ ಏರಿಳಿತ ಕೀಲಿನ ಪ್ರತಿ 90 ಡಿಗ್ರಿಗೆ ಒಮ್ಮೆ ಮರುಕಳಿಸುತ್ತಿತ್ತು. ಕೊನೆಯ ಹಂತ 4:1 ಆಗಿರುವಾಗ ಕೀಲು 90 ಡಿಗ್ರಿ ತಿರುಗಿದರೆ ಪಿನಿಯನ್ ಒಂದು ಪೂರ್ತಿ ಸುತ್ತು ಬರುವುದರಿಂದ, ಕೇಂದ್ರ ತಪ್ಪಿದ್ದುದು ದೊಡ್ಡ ಗೇರಲ್ಲ, ಪಿನಿಯನ್. ಅದರ ಮೇಲೆ ಡಯಲ್ ಗೇಜ್ ಇಟ್ಟು ಸುತ್ತಿಸಿದಾಗ ಮುಳ್ಳು 0.06 ಮಿ.ಮೀ. ಓಡಾಡಿತು. ಪಿನಿಯನ್‌ನ ತೂತು ಶಾಫ್ಟಿಗಿಂತ ಕೂದಲೆಳೆಯಷ್ಟು ದೊಡ್ಡದಿದ್ದು, ಗ್ರಬ್ ಸ್ಕ್ರೂ ಬಿಗಿದಾಗಲೆಲ್ಲ ಅದು ಒಂದೇ ಪಕ್ಕಕ್ಕೆ ತಳ್ಳಲ್ಪಡುತ್ತಿತ್ತು. ತೂತು ಸರಿಯಾಗಿ ಹೊಂದುವ ಬೇರೆ ಪಿನಿಯನ್ ತಂದು, ಸ್ಕ್ರೂ ಬಿಟ್ಟು ರಿಟೇನಿಂಗ್ ಅಂಟಿನಿಂದ ಕೂರಿಸಿದ ಮೇಲೆ ಓಡಾಟ 0.02ಕ್ಕೆ ಇಳಿದು, ಕೀಲಿನ ಸಡಿಲ ಎಲ್ಲ ಕೋನಗಳಲ್ಲೂ 0.3ರಿಂದ 0.4 ಮಿ.ಮೀ. ಒಳಗೆ ನಿಂತಿತು. ಸಾಧಾರಣ ಗೇರುಗಳಿಂದ ನನಗೆ ಸಿಕ್ಕ ಅತ್ಯುತ್ತಮ ಫಲ ಇದು. ಸಡಿಲವನ್ನು ಬಿಟ್ಟರೆ ಈ ಜೋಡಣೆ ಬಹಳ ಗಟ್ಟಿಯಾದದ್ದು. 10 ನ್ಯೂಟನ್ ಎಳೆದರೂ ಸಡಿಲದ ಆಚೆಗೆ 0.15 ಮಿ.ಮೀ. ಮಾತ್ರ ಬಾಗುತ್ತಿತ್ತು.

ಎರಡನೆಯ ಪ್ರಯೋಗದಲ್ಲಿ ಕೊನೆಯ 72 ಹಲ್ಲಿನ ಗೇರಿನ ಬದಲು ಎರಡು ತೆಳು ಗೇರುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿದೆ. ಒಂದು ಅರ್ಧ ಶಾಫ್ಟಿಗೆ ಬಿಗಿಯಾಗಿದ್ದು, ಇನ್ನೊಂದು ಅದರ ಪಕ್ಕದಲ್ಲಿ ಸ್ವತಂತ್ರವಾಗಿ ತಿರುಗುತ್ತ, ಸ್ಪ್ರಿಂಗುಗಳ ಬಲದಿಂದ ಪಿನಿಯನ್ ಹಲ್ಲಿನ ಎದುರು ಬದಿಯನ್ನು ಒತ್ತುತ್ತದೆ. ಪಿನಿಯನ್ ಹಲ್ಲು ಎರಡು ಅರ್ಧಗಳ ನಡುವೆ ಸಿಕ್ಕಿಕೊಂಡಿರುವುದರಿಂದ ಸಡಿಲ ಉಳಿಯುವುದಿಲ್ಲ. ಉಳಿಯದಿರುವುದು ಸ್ಪ್ರಿಂಗಿನ ಬಲವನ್ನು ಹೊರೆ ಮೀರುವವರೆಗೆ ಮಾತ್ರ. ಮೀರಿದರೆ ಆ ಅರ್ಧ ಹಿಂದೆ ಸರಿದು ಹಳೆಯ ಸಡಿಲ ಹಾಗೆಯೇ ಮರಳುತ್ತದೆ.

ಎಷ್ಟು ಬಲದ ಸ್ಪ್ರಿಂಗ್ ಬೇಕು ಎಂಬ ಲೆಕ್ಕದಲ್ಲಿ ನಾನು ಮೊದಲು ತಪ್ಪಿದೆ. ಮುಂಗೈಯ ತೂಕ 0.9 ಕೆ.ಜಿ., ತುದಿಯಲ್ಲಿ ಹಿಡಿಯುವ ವಸ್ತು 0.5 ಕೆ.ಜಿ.; ಮುಂಗೈ ಅಡ್ಡಲಾಗಿದ್ದಾಗ ಕೀಲಿನ ಮೇಲೆ ಬೀಳುವ ಟಾರ್ಕ್ ಸುಮಾರು 2.7 ನ್ಯೂಟನ್ ಮೀಟರ್. ಅಷ್ಟನ್ನೂ ತಡೆಯಲು 24 ಮಿ.ಮೀ. ತ್ರಿಜ್ಯದಲ್ಲಿ ಎರಡು ಸ್ಪ್ರಿಂಗುಗಳಿಗೆ ತಲಾ 56 ನ್ಯೂಟನ್ ಬೇಕಾಯಿತು. ಹಾಕಿದೆ, ಸಡಿಲ ಹೋಯಿತು, ಆದರೆ ಹಲ್ಲುಗಳ ಉಜ್ಜಾಟ ಹೆಚ್ಚಿ ಖಾಲಿ ಓಟದಲ್ಲೇ ಮೋಟಾರು ಬಿಸಿಯಾಗತೊಡಗಿತು. ಹೊರೆ ಬಿಗಿಯಾದ ಅರ್ಧದ ಮೇಲೆ ಬಿದ್ದರೆ ಅದು ಹಲ್ಲಿನಿಂದ ಹಲ್ಲಿಗೆ ನೇರವಾಗಿ ಸಾಗುತ್ತದೆ, ಸ್ಪ್ರಿಂಗಿಗೆ ಅಲ್ಲಿ ಕೆಲಸವೇ ಇಲ್ಲ ಎಂಬುದು ಹೊಳೆದದ್ದು ಆಮೇಲೆ. ಗೇರನ್ನು ತಿರುವಿ ಹಾಕಿ, ಗುರುತ್ವದ ಹೊರೆ ಬಿಗಿಯಾದ ಅರ್ಧದ ಮೇಲೆ ಬೀಳುವಂತೆ ಮಾಡಿದೆ. ಇನ್ನು ಸ್ಪ್ರಿಂಗ್ ತಡೆಯಬೇಕಾದದ್ದು ಮುಂಗೈ ದಿಕ್ಕು ಬದಲಿಸುವಾಗಿನ ಎದುರು ಟಾರ್ಕನ್ನು ಮಾತ್ರ. ನನ್ನ ವೇಗಕ್ಕೆ 1 ನ್ಯೂಟನ್ ಮೀಟರ್ ಸಾಕಾಗಿ, ತಲಾ 21 ನ್ಯೂಟನ್ ಸ್ಪ್ರಿಂಗಿಗೆ ಇಳಿದೆ. ಮೋಟಾರು ತಣ್ಣಗಾಯಿತು. ಮುಂಗೈ ಲಂಬರೇಖೆಯನ್ನು ದಾಟಿ ಹೊರೆಯೊಂದಿಗೆ ಆಚೆ ಬದಿಗೆ ವಾಲುವ ತೋಳಿಗೆ ಈ ಉಪಾಯ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಗುರುತ್ವದ ದಿಕ್ಕೇ ತಿರುಗುತ್ತದೆ. ಸ್ಪ್ರಿಂಗಿನ ಬಲದ ಮಿತಿ ನಕ್ಷೆಯಲ್ಲೂ ಕಾಣುತ್ತದೆ: ಸ್ಪ್ರಿಂಗಿನ ಬದಿಗೆ 4 ನ್ಯೂಟನ್ ದಾಟಿ ಎಳೆದ ಕೂಡಲೇ ಗೆರೆ ಥಟ್ಟನೆ ಮುರಿದು ಮುಂಗೈ ಜಾರುತ್ತದೆ.

ಮೂರನೆಯದು ಎರಡು ಹಂತದ ಬೆಲ್ಟ್. ಕೊನೆಯ ಹಂತಕ್ಕೆ 3 ಮಿ.ಮೀ. ಪಿಚ್‌ನ, 15 ಮಿ.ಮೀ. ಅಗಲದ, ಗಾಜಿನ ಎಳೆಗಳಿರುವ ಹಲ್ಲಿನ ಬೆಲ್ಟನ್ನು 18 ಮತ್ತು 72 ಹಲ್ಲಿನ ಪುಲ್ಲಿಗಳ ಮೇಲೆ ಹಾಕಿದೆ. ಇಲ್ಲಿ ಎಲ್ಲವೂ ಹೊರೆ ಬೀಳುವ ಮೊದಲೇ ಬೆಲ್ಟಿಗೆ ಕೊಡುವ ಮುಂಬಿಗಿತದ ಮೇಲೆ ನಿಂತಿದೆ. ಟಾರ್ಕ್ ಬಿದ್ದಾಗ ಪುಲ್ಲಿಗಳ ನಡುವೆ ಬೆಲ್ಟಿನ ಒಂದು ಬದಿ ಬಿಗಿಯಾದಷ್ಟೇ ಇನ್ನೊಂದು ಸಡಿಲಾಗುತ್ತದೆ. ಎರಡೂ ಬಿಗಿಯಾಗಿರುವವರೆಗೆ ಎರಡೂ ಸೇರಿ ಹೊರೆಯನ್ನು ಹಿಡಿಯುತ್ತವೆ, ಒಂದು ಜೋಲುಬಿದ್ದ ಕ್ಷಣಕ್ಕೆ ಗಟ್ಟಿತನ ಅರ್ಧಕ್ಕೆ ಇಳಿಯುತ್ತದೆ. ನನ್ನ ಹೊರೆಗೆ ಕನಿಷ್ಠ 39 ನ್ಯೂಟನ್ ಬೇಕಿದ್ದುದರಿಂದ 60 ನ್ಯೂಟನ್ ಇಟ್ಟೆ. ಬೆಲ್ಟನ್ನು ತಂತಿಯಂತೆ ಮೀಟಿ, ಫೋನಿನಲ್ಲಿ ಅದರ ಕಂಪನ ಸಂಖ್ಯೆಯನ್ನು ಓದಿ, ಬಿಗಿತವನ್ನು ಲೆಕ್ಕ ಹಾಕಿದೆ:

```
T = 4 · m · L² · f²
```

ಇಲ್ಲಿ T ಬಿಗಿತ, f ಕಂಪನ ಸಂಖ್ಯೆ; ಬೆಲ್ಟಿನ ತೂಕ m ಮೀಟರಿಗೆ 0.042 ಕೆ.ಜಿ., ಪುಲ್ಲಿಗಳ ನಡುವಿನ ಬಿಡಿ ಉದ್ದ L 0.117 ಮೀಟರ್, ಹೀಗಾಗಿ 60 ನ್ಯೂಟನ್‌ಗೆ ಸುಮಾರು 161 ಹರ್ಟ್ಸ್ ಕೇಳಿಸಬೇಕು. ಕೆಲವು ದಿನ ಓಡಿದ ಮೇಲೆ ಅದು 150ಕ್ಕೆ ಇಳಿದಿತ್ತು, ಎಂದರೆ ಬಿಗಿತ 52 ನ್ಯೂಟನ್‌ಗೆ ಬಂದಿತ್ತು. ಮತ್ತೆ ಬಿಗಿ ಮಾಡಿದ ಮೇಲೆ ಹೆಚ್ಚು ಬದಲಾಗಲಿಲ್ಲ. ಒಮ್ಮೆ 90 ನ್ಯೂಟನ್‌ಗೂ ಬಿಗಿದು ನೋಡಿದೆ. ಆಗ ನಕ್ಷೆಯಲ್ಲಿ ಹೋಗುವ ಗೆರೆಗೂ ಬರುವ ಗೆರೆಗೂ ನಡುವಿನ ಅಂತರ ಹೆಚ್ಚಿ, ಸಡಿಲವೇ ಹೆಚ್ಚಾಯಿತೇನೋ ಎನಿಸಿತು. ಅದು ಬೇರಿಂಗುಗಳ ಘರ್ಷಣೆ. ಎರಡನ್ನೂ ಬೇರ್ಪಡಿಸಿ ನೋಡಲು ಮುಂಗೈಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರಾಯಿತು: ಘರ್ಷಣೆಯಾದರೆ ಗೇಜಿನ ಮುಳ್ಳು ನಡುವಿಗೆ ತೆವಳಿ ಮರಳುತ್ತದೆ, ಬ್ಯಾಕ್‌ಲ್ಯಾಶ್ ಆದರೆ ಬಿಟ್ಟಲ್ಲೇ ಎಲ್ಲೋ ನಿಲ್ಲುತ್ತದೆ.

ಬೆಲ್ಟಿನಲ್ಲಿ ನಿಜವಾದ ಸಡಿಲ 0.1 ಮಿ.ಮೀ. ಮಾತ್ರ ಇತ್ತು, ಸಾಧಾರಣ ಗೇರಿಗಿಂತ ಎಷ್ಟೋ ಮೇಲು. ಆದರೆ 10 ನ್ಯೂಟನ್‌ಗೆ ಮುಂಗೈ ಪ್ರತಿ ಬದಿಗೂ 0.6 ಮಿ.ಮೀ. ಬಾಗುತ್ತಿತ್ತು, ಗೇರಿನ ನಾಲ್ಕು ಪಟ್ಟು. ಗುರುತ್ವದಿಂದಾಗುವ ಇಳಿತವನ್ನು ಲೆಕ್ಕ ಹಾಕಿ ತಿದ್ದಿದೆ, ಅದು ಸುಲಭ. ತಿದ್ದಲಾಗದೆ ಉಳಿದದ್ದು ಅದುರು: ತುದಿಯಲ್ಲಿ ಹೊರೆಯಿರುವ ಮುಂಗೈ ಥಟ್ಟನೆ ನಿಂತಾಗ ಸೆಕೆಂಡಿಗೆ ಸುಮಾರು 19 ಬಾರಿ ನಡುಗುತ್ತಿತ್ತು, ಮೋಟಾರಿನ ಎನ್‌ಕೋಡರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ನಿಧಾನವಾಗಿ ಚಲಿಸುವ, ಹಗುರ ವಸ್ತು ಹಿಡಿಯುವ ತೋಳಾಗಿದ್ದರೆ ನಾನು ಇಲ್ಲಿಗೇ ನಿಲ್ಲಿಸುತ್ತಿದ್ದೆ, ಏಕೆಂದರೆ ಇದರಷ್ಟು ಸದ್ದಿಲ್ಲದ, ಸರಳ ಜೋಡಣೆ ಬೇರೆ ಇರಲಿಲ್ಲ.

ಮೊದಲ ಹಂತದ ಸಡಿಲ ಮುಂದಿನ ಅನುಪಾತದಿಂದ ಒಂದು ಸಲ ಭಾಗವಾದರೆ, ಅದರ ಹಿಗ್ಗುವಿಕೆ ಅದೇ ಅನುಪಾತದಿಂದ ಎರಡು ಸಲ ಭಾಗವಾಗುತ್ತದೆ. 4:1 ಹಂತದ ಹಿಂದಿರುವ ಬೆಲ್ಟಿನ ಮೆದುತನ ಕೀಲಿನಲ್ಲಿ ಹದಿನಾರನೆಯ ಒಂದು ಪಾಲಾಗಿ ಮಾತ್ರ ಕಾಣಿಸುತ್ತದೆ. ಆದ್ದರಿಂದ ಬೆಲ್ಟಿಗೆ ತಕ್ಕ ಜಾಗ ಮೋಟಾರಿನ ಪಕ್ಕ. 2 ಮಿ.ಮೀ. ಪಿಚ್‌ನ ಕಿರಿದಾದ ಬೆಲ್ಟನ್ನು ಮೊದಲ ಹಂತಕ್ಕೂ, ತಿರುವಿ ಹಾಕಿದ ಸೀಳು ಗೇರನ್ನು ಕೊನೆಯ ಹಂತಕ್ಕೂ ಇಟ್ಟಾಗ ಸಡಿಲ 0.08 ಮಿ.ಮೀ.ಗೆ ಇಳಿಯಿತು, ಬಿಗಿಯಾದ ಅರ್ಧದ ಬದಿಗೆ 10 ನ್ಯೂಟನ್‌ಗೆ ಬಾಗುವಿಕೆ 0.27 ಮಿ.ಮೀ. ಆಯಿತು. ನನ್ನ ತೋಳಿನಲ್ಲಿ ಈಗ ಇರುವುದು ಇದೇ.

ಕೀಲಿನ ಮೇಲೆಯೇ ಇನ್ನೊಂದು ಎನ್‌ಕೋಡರ್ ಹಾಕಿದರೆ ಇಷ್ಟೆಲ್ಲ ಏಕೆ ಬೇಕು ಎಂದು ಕೇಳುವವರಿದ್ದಾರೆ. ಸಾಧಾರಣ ಗೇರುಗಳಿದ್ದಾಗಲೇ ನಾನು ಹಾಗೆ ಮಾಡಿ ನೋಡಿದ್ದೆ. ಮುಂಗೈ ನೇರ ಕೆಳಗೆ ತೂಗಿ ಗುರುತ್ವದ ಟಾರ್ಕ್ ಇಲ್ಲವಾದ ಜಾಗದಲ್ಲಿ, ನಿಯಂತ್ರಕ ದೋಷವನ್ನು ಕೂಡಿಸುತ್ತ ಹಲ್ಲನ್ನು ಒಂದು ಬದಿಯಿಂದ ಇನ್ನೊಂದಕ್ಕೆ ಎಸೆಯುತ್ತಲೇ ಇದ್ದು, ಕೀಲು ನಿಂತಲ್ಲೇ ಟಕಟಕ ಎನ್ನುತ್ತಿತ್ತು. ಈಗಿನ 0.08 ಮಿ.ಮೀ. ಕೋನದಲ್ಲಿ ಸುಮಾರು 0.018 ಡಿಗ್ರಿ. ವೇಗವನ್ನು ಮೋಟಾರಿನ ಎನ್‌ಕೋಡರಿನಿಂದ, ಸ್ಥಾನವನ್ನು ಕೀಲಿನ ಎನ್‌ಕೋಡರಿನಿಂದ ತೆಗೆದುಕೊಂಡು, 0.02 ಡಿಗ್ರಿಗಿಂತ ಕಡಿಮೆ ದೋಷವನ್ನು ಕೂಡಿಸದಂತೆ ಮಾಡಿದ ಮೇಲೆ ಆ ಸದ್ದು ನಿಂತಿದೆ.